ಮನೆ ಹಳೆಯದಾದಷ್ಟೂ ಬಾಡಿಗೆ ಏರುತ್ತದೆಯೇ?

ಬೆಂಗಳೂರಿನ ಹಳೆಯ ಬಡಾವಣೆಯೊಂದರಲ್ಲಿ ಬಾಡಿಗೆಗಿರುವ ಹತ್ತು ಮನೆಗಳ ಪಟ್ಟಿ ನಿಮ್ಮ ಕೈಯಲ್ಲಿದೆ ಎಂದುಕೊಳ್ಳಿ. ಪ್ರತಿ ಮನೆಗೂ ಮೂರು ಅಂಕಿ: ವಿಸ್ತೀರ್ಣ ಎಷ್ಟು ಚದರ ಅಡಿ, ಕಟ್ಟಡಕ್ಕೆ ಎಷ್ಟು ವರ್ಷ, ತಿಂಗಳ ಬಾಡಿಗೆ ಎಷ್ಟು. ಲೆಕ್ಕ ಕಣ್ಣಿಗೆ ಕಾಣಲೆಂದೇ ಮಾಡಿಕೊಂಡ ಪಟ್ಟಿ ಇದು, ಯಾವುದೇ ಸಮೀಕ್ಷೆಯದ್ದಲ್ಲ. ಆದರೆ ಇದರಲ್ಲಿರುವ ತೊಡಕು ನಿಜವಾದ ಪಟ್ಟಿಗಳಲ್ಲೂ ಮತ್ತೆ ಮತ್ತೆ ಎದುರಾಗುವಂಥದ್ದು.

| ಮನೆ | ವಿಸ್ತೀರ್ಣ (ಚದರ ಅಡಿ) | ವಯಸ್ಸು (ವರ್ಷ) | ಬಾಡಿಗೆ (ರೂ.) |
|---|---|---|---|
| 1 | 600 | 2 | 17,000 |
| 2 | 700 | 6 | 19,000 |
| 3 | 750 | 3 | 20,500 |
| 4 | 850 | 12 | 18,500 |
| 5 | 900 | 7 | 22,000 |
| 6 | 1000 | 15 | 22,000 |
| 7 | 1050 | 20 | 20,000 |
| 8 | 1100 | 11 | 24,500 |
| 9 | 1200 | 26 | 23,000 |
| 10 | 1350 | 18 | 27,500 |

ಇದನ್ನು ಎಕ್ಸೆಲ್‌ನಲ್ಲಿ ತುಂಬಿಸಿ. ವಿಸ್ತೀರ್ಣ A ಕಾಲಂನಲ್ಲಿ, ವಯಸ್ಸು B ಕಾಲಂನಲ್ಲಿ, ಬಾಡಿಗೆ C ಕಾಲಂನಲ್ಲಿ ಇರಲಿ. ಮೊದಲ ಸಾಲು ತಲೆಬರಹಕ್ಕೆ, ಅಂಕಿಗಳು 2ರಿಂದ 11ನೇ ಸಾಲಿನವರೆಗೆ. ವಯಸ್ಸಿಗೂ ಬಾಡಿಗೆಗೂ ಏನು ನಂಟು ಎಂದು ತಿಳಿಯಲು ಹೆಚ್ಚಿನವರು ಮೊದಲು ಮಾಡುವುದು ಇಷ್ಟು:

```
=SLOPE(C2:C11,B2:B11)
```

ಉತ್ತರ 200.73. ಅಂದರೆ ಕಟ್ಟಡ ಒಂದು ವರ್ಷ ಹಳೆಯದಾದರೆ ಬಾಡಿಗೆ ಸರಾಸರಿ 201 ರೂಪಾಯಿ ಹೆಚ್ಚು! ನಲ್ಲಿ ಸೋರುವ, ಗೋಡೆಗೆ ಜೌಗು ಹಿಡಿದಿರುವ, ಲಿಫ್ಟ್ ಇಲ್ಲದ ಮನೆಗೆ ಹೆಚ್ಚು ಬಾಡಿಗೆಯೇ? ಲೆಕ್ಕದಲ್ಲಿ ತಪ್ಪಿಲ್ಲ. ಲೆಕ್ಕಕ್ಕೆ ಕೇಳಿದ ಪ್ರಶ್ನೆಯಲ್ಲಿ ಒಂದು ಸಂಗತಿ ಬಿಟ್ಟುಹೋಗಿದೆ.

ಪಟ್ಟಿಯನ್ನು ಇನ್ನೊಮ್ಮೆ ನೋಡಿ. ಹತ್ತು ವರ್ಷದೊಳಗಿನ ಮನೆಗಳು ನಾಲ್ಕಿವೆ. ಅವುಗಳ ಸರಾಸರಿ ಬಾಡಿಗೆ 19,625 ರೂಪಾಯಿ. ಹದಿನೈದು ವರ್ಷ ಅಥವಾ ಅದಕ್ಕೂ ಹಳೆಯವು ನಾಲ್ಕು, ಅವುಗಳದ್ದು 23,125. ಹಳೆಯವೇ ದುಬಾರಿ, ನಿಜ. ಆದರೆ ಹೊಸ ನಾಲ್ಕರ ಸರಾಸರಿ ವಿಸ್ತೀರ್ಣ 738 ಚದರ ಅಡಿಯೂ ಇಲ್ಲ, ಹಳೆಯ ನಾಲ್ಕರದ್ದು 1150. ನಿವೇಶನ ಅಗ್ಗವಾಗಿದ್ದಾಗ ಕೈಬಿಚ್ಚಿ ಕಟ್ಟಿದ ಮನೆಗಳು ಒಂದು ಕಡೆ, ಈಗಿನ ಇಕ್ಕಟ್ಟಿನ ಫ್ಲ್ಯಾಟುಗಳು ಇನ್ನೊಂದು ಕಡೆ. ಜನ ಹೆಚ್ಚು ಬಾಡಿಗೆ ಕೊಟ್ಟದ್ದು ಜಾಗಕ್ಕೆ. ನಮ್ಮ ಲೆಕ್ಕ ಅದನ್ನು ವಯಸ್ಸಿನ ಖಾತೆಗೆ ಬರೆದುಬಿಟ್ಟಿತು. ಎರಡನ್ನೂ ಒಟ್ಟಿಗೆ ಲೆಕ್ಕಕ್ಕೆ ತಂದು, ಯಾವುದರ ಪಾಲು ಎಷ್ಟು ಎಂದು ಬಿಡಿಸುವ ವಿಧಾನವೇ ಮಲ್ಟಿಪಲ್ ರಿಗ್ರೆಷನ್. ಎಕ್ಸೆಲ್‌ನಲ್ಲಿ ಅದಕ್ಕಿರುವ ಫಾರ್ಮುಲಾ LINEST. ಗೂಗಲ್ ಶೀಟ್ಸ್ ಮತ್ತು ಲಿಬ್ರೆಆಫೀಸ್‌ನಲ್ಲೂ ಇದು ಇದೇ ಹೆಸರಿನಲ್ಲಿ ಸಿಗುತ್ತದೆ.

ಒಂದು ಚಪ್ಪರ, ಹತ್ತು ಗಳ

ಈ ಲೆಕ್ಕ ಮಾಡುವುದೇನು? ನೆಲದ ಒಂದು ಬದಿಯಲ್ಲಿ ವಿಸ್ತೀರ್ಣದ ಅಳತೆ, ಇನ್ನೊಂದು ಬದಿಯಲ್ಲಿ ವಯಸ್ಸಿನ ಅಳತೆ ಎಂದು ಗುರುತು ಹಾಕಿಕೊಳ್ಳಿ. ಪ್ರತಿ ಮನೆಗೂ ಅದರ ಜಾಗದಲ್ಲಿ ಒಂದು ಗಳ ನೆಡಿ. ಗಳದ ಎತ್ತರ ಆ ಮನೆಯ ಬಾಡಿಗೆ. ಈಗ ಹತ್ತು ಗಳಗಳ ತುದಿಗೂ ಆದಷ್ಟು ಹತ್ತಿರ ಹಾಯುವಂತೆ ಒಂದೇ ಒಂದು ಸಮತಟ್ಟಾದ ತಗಡನ್ನು ಚಪ್ಪರದ ಹಾಗೆ ಓರೆಯಾಗಿ ಹೊದಿಸಬೇಕು. ಕೆಲವು ತುದಿಗಳು ತಗಡಿನ ಮೇಲೆ ಚಾಚುತ್ತವೆ, ಕೆಲವು ಕೆಳಗೇ ಉಳಿಯುತ್ತವೆ. ಆ ಅಂತರಗಳನ್ನು ವರ್ಗ ಮಾಡಿ ಕೂಡಿದಾಗ ಮೊತ್ತ ಅತಿ ಕಡಿಮೆ ಬರುವ ಓರೆಯನ್ನು LINEST ಹುಡುಕಿ ಕೊಡುತ್ತದೆ. ವಿಸ್ತೀರ್ಣದ ದಿಕ್ಕಿನಲ್ಲಿ ತಗಡು ಎಷ್ಟು ಏರುತ್ತದೆ ಎಂಬುದು ಒಂದು ಗುಣಾಂಕ, ವಯಸ್ಸಿನ ದಿಕ್ಕಿನಲ್ಲಿ ಎಷ್ಟು ಇಳಿಯುತ್ತದೆ ಎಂಬುದು ಇನ್ನೊಂದು ಗುಣಾಂಕ.

ಫಾರ್ಮುಲಾ ಹೀಗೆ:

```
=LINEST(C2:C11,A2:B11,TRUE,TRUE)
```

ಮೊದಲು ಬರುವುದು ನಾವು ಊಹಿಸಬೇಕಾದ ಅಂಕಿ, ಅಂದರೆ ಬಾಡಿಗೆ. ಆಮೇಲೆ ಅದಕ್ಕೆ ಕಾರಣವಾಗಬಹುದಾದ ಅಂಕಿಗಳು. ಇವು ಅಕ್ಕಪಕ್ಕದ ಕಾಲಂಗಳಲ್ಲೇ ಇರಬೇಕು, ನಡುವೆ ಬಾಡಿಗೆಯ ಕಾಲಂ ತೂರಿರಬಾರದು. ಮೊದಲ TRUE ಎಂದರೆ ಸ್ಥಿರಾಂಕವೂ ಇರಲಿ ಎಂದು, ಎರಡನೆಯದು ಲೆಕ್ಕದ ಗುಣಮಟ್ಟ ತಿಳಿಸುವ ಅಂಕಿಗಳನ್ನೂ ಕೊಡು ಎಂದು. ಈಗಿನ ಎಕ್ಸೆಲ್‌ನಲ್ಲಿ ಒಂದು ಸೆಲ್‌ನಲ್ಲಿ ಬರೆದು ಎಂಟರ್ ಒತ್ತಿದರೆ ಉತ್ತರ ತಾನಾಗಿ ಐದು ಸಾಲು, ಮೂರು ಕಾಲಂಗಳಿಗೆ ಹರಡಿಕೊಳ್ಳುತ್ತದೆ. ಹಳೆಯ ಎಕ್ಸೆಲ್ ಆದರೆ ಮೊದಲೇ ಅಷ್ಟು ಸೆಲ್‌ಗಳನ್ನು ಆಯ್ದು, ಫಾರ್ಮುಲಾ ಬರೆದು, `Ctrl+Shift+Enter` ಒತ್ತಬೇಕು. ನಮ್ಮ ಪಟ್ಟಿಗೆ ಬರುವ ಉತ್ತರ, ದಶಾಂಶಗಳನ್ನು ಮೊಟಕು ಮಾಡಿ:

```
 -303.61      20.10    5948.01
   56.55       1.88    1297.56
    0.957    728.78       #N/A
   77.84       7          #N/A
82682168  3717832         #N/A
```

ಕೊನೆಯ ಮೂರು `#N/A` ನೋಡಿ ಗಾಬರಿಯಾಗುವುದು ಬೇಡ. ಕೆಳಗಿನ ಮೂರು ಸಾಲುಗಳಲ್ಲಿ ಹೇಳಲು ಎರಡೆರಡೇ ಅಂಕಿಗಳಿವೆ. ಮೂರನೆಯ ಸೆಲ್ ಖಾಲಿ ಎಂಬುದಷ್ಟೇ ಅದರ ಅರ್ಥ.

ಗಾಬರಿಯಾಗಬೇಕಾದದ್ದು ಮೊದಲ ಸಾಲಿನ ವಿಷಯದಲ್ಲಿ. ನಾವು ಕೊಟ್ಟದ್ದು ಮೊದಲು ವಿಸ್ತೀರ್ಣ, ಆಮೇಲೆ ವಯಸ್ಸು. LINEST ಗುಣಾಂಕಗಳನ್ನು ಹಿಂದುಮುಂದಾಗಿ ಕೊಡುತ್ತದೆ: ಕೊನೆಯ ಕಾಲಂನದ್ದು ಮೊದಲು, ಮೊದಲ ಕಾಲಂನದ್ದು ಆಮೇಲೆ, ತುದಿಯಲ್ಲಿ ಸ್ಥಿರಾಂಕ. ಹಾಗಾಗಿ -303.61 ವಯಸ್ಸಿಗೆ ಸೇರಿದ್ದು, 20.10 ವಿಸ್ತೀರ್ಣಕ್ಕೆ. ಇದನ್ನು ಮರೆತು ಕಾಲಂಗಳ ಕ್ರಮದಲ್ಲೇ ಓದಿದರೆ, 1000 ಚದರ ಅಡಿಯ ಹತ್ತು ವರ್ಷದ ಮನೆಗೆ ಬಾಡಿಗೆ ಮೈನಸ್ 2,97,464 ರೂಪಾಯಿ ಬರುತ್ತದೆ. ಮಾಲೀಕರೇ ತಿಂಗಳಿಗೆ ಮೂರು ಲಕ್ಷ ಕೊಟ್ಟು ನಿಮ್ಮನ್ನು ಇರಿಸಿಕೊಂಡಂತೆ. ಇಷ್ಟು ಅಸಂಬದ್ಧ ಉತ್ತರ ಬಂದರೆ ತಪ್ಪು ತಕ್ಷಣ ಸಿಕ್ಕಿಬೀಳುತ್ತದೆ. ಎರಡು ಕಾಲಂಗಳೂ ಒಂದೇ ಗಾತ್ರದ ಅಂಕಿಗಳಾಗಿದ್ದರೆ, ಉದಾಹರಣೆಗೆ ವಯಸ್ಸು ಮತ್ತು ಮೆಟ್ರೋ ನಿಲ್ದಾಣಕ್ಕೆ ನಡೆಯಲು ಬೇಕಾದ ನಿಮಿಷ, ಅದಲುಬದಲಾದದ್ದು ಗೊತ್ತೇ ಆಗುವುದಿಲ್ಲ. ಗುಣಾಂಕಗಳ ಮೇಲೆ ಕೈಯಾರೆ ತಲೆಬರಹ ಬರೆದಿಟ್ಟುಕೊಳ್ಳುವುದು ಒಳ್ಳೆಯ ರೂಢಿ.

ವಯಸ್ಸಿನ ಗುಣಾಂಕ: ಚಿಹ್ನೆ ಬದಲಾದದ್ದೇಕೆ?

ಒಂಟಿ ಲೆಕ್ಕದಲ್ಲಿ ವಯಸ್ಸಿಗೆ ಪ್ಲಸ್ 201 ಬಂದಿತ್ತು, ಈಗ ಮೈನಸ್ 304. ಯಾವುದು ಸರಿ? ಎರಡೂ ಸರಿ, ಆದರೆ ಅವು ಬೇರೆ ಬೇರೆ ಪ್ರಶ್ನೆಗಳ ಉತ್ತರಗಳು.

ಮೈನಸ್ 304 ಹೇಳುವುದು ಇದು: ವಿಸ್ತೀರ್ಣ ಒಂದೇ ಇರುವ ಎರಡು ಮನೆಗಳಲ್ಲಿ, ಒಂದು ವರ್ಷ ಹೆಚ್ಚು ಹಳೆಯದಾದ ಮನೆಗೆ ತಿಂಗಳ ಬಾಡಿಗೆ ಸರಾಸರಿ 304 ರೂಪಾಯಿ ಕಡಿಮೆ. ‘ವಿಸ್ತೀರ್ಣ ಒಂದೇ ಇರುವ’ ಎಂಬ ಷರತ್ತನ್ನು ಬಿಟ್ಟು ಈ ಗುಣಾಂಕವನ್ನು ಓದುವಂತಿಲ್ಲ. ಪ್ಲಸ್ 201 ಹೇಳುವುದು: ವಿಸ್ತೀರ್ಣ ಏನೇ ಇರಲಿ, ಈ ಪಟ್ಟಿಯಲ್ಲಿ ಹಳೆಯ ಮನೆ ಎಂದೊಡನೆ ಎಷ್ಟು ಹೆಚ್ಚು ಬಾಡಿಗೆ ನಿರೀಕ್ಷಿಸಬೇಕು ಎಂಬುದನ್ನು.

ಇವೆರಡರ ನಡುವಿನ ಸೇತುವೆಯನ್ನೂ ಲೆಕ್ಕ ಹಾಕಬಹುದು. ವಯಸ್ಸು ಒಂದು ವರ್ಷ ಹೆಚ್ಚಾದರೆ ವಿಸ್ತೀರ್ಣ ಎಷ್ಟು ಹೆಚ್ಚುತ್ತದೆ ಎಂದು ಕೇಳಿ:

```
=SLOPE(A2:A11,B2:B11)
```

ಉತ್ತರ 25.09 ಚದರ ಅಡಿ. ಒಂದೊಂದು ಚದರ ಅಡಿಗೂ LINEST ಕಟ್ಟಿದ ಬೆಲೆ 20.10 ರೂಪಾಯಿ. ಗುಣಿಸಿದರೆ 504.34. ಅಂದರೆ ಈ ಪಟ್ಟಿಯಲ್ಲಿ ಒಂದು ವರ್ಷ ಹಳೆಯ ಮನೆಯ ಜೊತೆಗೆ 504 ರೂಪಾಯಿಯ ಹೆಚ್ಚುವರಿ ಜಾಗವೂ ಬರುತ್ತದೆ. ಹಳತಾದದ್ದಕ್ಕೆ ಕಳೆಯುವುದು 303.61. ಉಳಿದದ್ದು 200.73, ಒಂಟಿ ಲೆಕ್ಕ ಕೊಟ್ಟಿದ್ದ ಅದೇ ಅಂಕಿ, ಪೈಸೆಗೆ ಪೈಸೆ. ಇದು ಕಾಕತಾಳೀಯವಲ್ಲ, ಕನಿಷ್ಠ ವರ್ಗಗಳ ಲೆಕ್ಕದಲ್ಲಿ ಯಾವಾಗಲೂ ಹೀಗೇ ಹೊಂದುತ್ತದೆ. ಒಂದು ಕಾರಣವನ್ನು ಪಟ್ಟಿಯಿಂದ ಕೈಬಿಟ್ಟರೆ ಅದರ ಪಾಲು ಮಾಯವಾಗುವುದಿಲ್ಲ. ಅದರ ಜೊತೆ ಓಡಾಡುವ ಇನ್ನೊಂದು ಕಾರಣದ ಹೆಗಲೇರುತ್ತದೆ.

ಇನ್ನೊಂದು ತಪ್ಪು ಓದು ಇದೆ. ಗುಣಾಂಕ ಮೈನಸ್ 304 ಎಂದ ಮಾತ್ರಕ್ಕೆ, ಈಗ ಇರುವ ಮನೆಯ ಬಾಡಿಗೆ ಮುಂದಿನ ವರ್ಷ 304 ರೂಪಾಯಿ ಇಳಿಯುವುದಿಲ್ಲ. ಹನ್ನೊಂದು ತಿಂಗಳ ಕರಾರು ಮುಗಿಯುತ್ತಲೇ ಮಾಲೀಕರು ಬಾಡಿಗೆ ಏರಿಸುತ್ತಾರೆ ಎಂಬುದು ಬೆಂಗಳೂರಿನಲ್ಲಿ ಯಾರಿಗೂ ಹೇಳಿಕೊಡಬೇಕಾದ ವಿಷಯವಲ್ಲ. ನಮ್ಮ ಪಟ್ಟಿ ಒಂದೇ ಹೊತ್ತಿನಲ್ಲಿ ಬೇರೆ ಬೇರೆ ಮನೆಗಳನ್ನು ಹೋಲಿಸುತ್ತದೆ; ಒಂದೇ ಮನೆಯನ್ನು ವರ್ಷಗಳುದ್ದಕ್ಕೂ ಹಿಂಬಾಲಿಸುವುದಿಲ್ಲ. ಊರಿನ ಬಾಡಿಗೆಗಳೆಲ್ಲ ಏರುತ್ತಿರುವಾಗ, ಹಳೆಯ ಮನೆಯದ್ದು ಆ ಏರಿಕೆಯಲ್ಲಿ ಎಷ್ಟು ಹಿಂದೆ ಬೀಳಬಹುದು ಎಂಬ ಅಂದಾಜನ್ನಷ್ಟೇ ಅದು ಕೊಡಬಲ್ಲದು. ಅಮೆರಿಕದ ಬ್ಯೂರೊ ಆಫ್ ಲೇಬರ್ ಸ್ಟಾಟಿಸ್ಟಿಕ್ಸ್ ಬಾಡಿಗೆ ಸೂಚ್ಯಂಕದಲ್ಲಿ 1988ರಿಂದ ಮಾಡುತ್ತಿರುವುದು ಇಂಥದ್ದೇ ತಿದ್ದುಪಡಿ. ಅದು ಬಾಡಿಗೆ ವಿಚಾರಿಸುವ ಮನೆಗಳು ವರ್ಷದಿಂದ ವರ್ಷಕ್ಕೆ ಹಳತಾಗುತ್ತವೆ. ಹಳತಾದದ್ದರಿಂದ ಕುಗ್ಗಿದ ಪಾಲನ್ನು ರಿಗ್ರೆಷನ್‌ನಿಂದ ಅಂದಾಜಿಸಿ ಸರಿಪಡಿಸದಿದ್ದರೆ ಬಾಡಿಗೆ ಏರಿಕೆ ಇದ್ದುದಕ್ಕಿಂತ ಕಡಿಮೆ ಕಾಣುತ್ತದೆ.

ವಿಸ್ತೀರ್ಣ ಮತ್ತು ಸ್ಥಿರಾಂಕ

ವಿಸ್ತೀರ್ಣದ ಗುಣಾಂಕ 20.10. ಒಂದೇ ವಯಸ್ಸಿನ ಎರಡು ಮನೆಗಳಲ್ಲಿ ಒಂದು ಚದರ ಅಡಿ ಹೆಚ್ಚಿದ್ದರೆ 20 ರೂಪಾಯಿ ಹೆಚ್ಚು. ನೂರು ಚದರ ಅಡಿಯ ಇನ್ನೊಂದು ಕೋಣೆ ಇದ್ದರೆ ಸುಮಾರು 2,010 ರೂಪಾಯಿ. ವಿಸ್ತೀರ್ಣವೊಂದನ್ನೇ ಇಟ್ಟು ಲೆಕ್ಕ ಹಾಕಿದ್ದರೆ 11.67 ಮಾತ್ರ ಬರುತ್ತಿತ್ತು. ದೊಡ್ಡ ಮನೆಗಳು ಹಳೆಯವೂ ಆಗಿರುವುದರಿಂದ ಹಳತನದ ಕಡಿತ ಈ ಬಾರಿ ವಿಸ್ತೀರ್ಣದ ಬೆಲೆಯನ್ನು ಕೆಳಕ್ಕೆ ಜಗ್ಗಿರುತ್ತಿತ್ತು. ಹೀಗೆ ಒಂಟಿ ಲೆಕ್ಕ ಎರಡೂ ಕಡೆ ಮೋಸ ಮಾಡುತ್ತದೆ: ವಯಸ್ಸಿನ ಚಿಹ್ನೆಯನ್ನೇ ತಿರುಗಿಸಿತು, ಜಾಗದ ಬೆಲೆಯನ್ನು ಅರ್ಧದ ಹತ್ತಿರಕ್ಕೆ ಇಳಿಸಿತು.

20.10 ಮತ್ತು 303.61 ಎಂಬ ಅಂಕಿಗಳನ್ನು ಪಕ್ಕಪಕ್ಕ ಇಟ್ಟು, ವಯಸ್ಸಿನದ್ದು ದೊಡ್ಡ ಅಂಕಿ, ಆದ್ದರಿಂದ ವಯಸ್ಸೇ ಮುಖ್ಯ ಎನ್ನುವಂತಿಲ್ಲ. ಒಂದು ಚದರ ಅಡಿಗೆ ರೂಪಾಯಿ, ಇನ್ನೊಂದು ವರ್ಷಕ್ಕೆ ರೂಪಾಯಿ. ಅರ್ಥವಾಗುವ ಹೋಲಿಕೆ ಬೇಕಿದ್ದರೆ ಭಾಗಿಸಿ ನೋಡಿ: ಒಂದು ವರ್ಷದ ಹಳತನವನ್ನು ತುಂಬಿಕೊಡಲು ಸುಮಾರು 15 ಚದರ ಅಡಿ ಹೆಚ್ಚು ಜಾಗ ಬೇಕು.

ಸ್ಥಿರಾಂಕ 5,948. ಲೆಕ್ಕದ ಪ್ರಕಾರ ಇದು ಸೊನ್ನೆ ಚದರ ಅಡಿಯ, ಸೊನ್ನೆ ವರ್ಷದ ಮನೆಯ ಬಾಡಿಗೆ. ಅಂಥ ಮನೆ ಇಲ್ಲ. ಇದಕ್ಕೆ ಅರ್ಥ ಹುಡುಕಲು ಹೋಗದಿರುವುದೇ ಮೇಲು. 600ರಿಂದ 1350 ಚದರ ಅಡಿಯ ನಡುವೆ ತಗಡು ಸರಿಯಾದ ಎತ್ತರದಲ್ಲಿ ನಿಲ್ಲಲು ಬೇಕಾದ ಆಧಾರ ಇದು. ಅರ್ಥವಿಲ್ಲ ಎಂದು ಮೊದಲ TRUE ಬದಲು FALSE ಬರೆದು ಇದನ್ನು ಸೊನ್ನೆ ಮಾಡಿದರೆ ತಗಡನ್ನು ಬಲವಂತವಾಗಿ ಮೂಲೆಗೆ ಕಟ್ಟಿದಂತಾಗಿ, ಉಳಿದೆರಡು ಗುಣಾಂಕಗಳೂ ಕೆಡುತ್ತವೆ.

ಎರಡನೆಯ ಸಾಲು ಹೇಳುವ ಅನುಮಾನ

ಹತ್ತೇ ಮನೆಗಳಿಂದ ಬಂದ 303.61 ಎಷ್ಟು ಗಟ್ಟಿ? ಅದರ ಕೆಳಗಿರುವ 56.55 ಇದಕ್ಕೆ ಉತ್ತರ. ಇದು ಗುಣಾಂಕದ ಪ್ರಮಾಣಿತ ದೋಷ: ಇದೇ ಬಡಾವಣೆಯ ಬೇರೆ ಹತ್ತು ಮನೆ ಆಯ್ದಿದ್ದರೆ ಗುಣಾಂಕ ಎಷ್ಟು ಅತ್ತಿತ್ತ ಆಗಬಹುದಿತ್ತು ಎಂಬ ಅಂದಾಜು. ನಾಲ್ಕನೆಯ ಸಾಲಿನಲ್ಲಿರುವ 7 ಕೂಡ ಇಲ್ಲಿ ಬೇಕು. ಹತ್ತು ಮನೆಗಳಿಂದ ಮೂರು ಅಂಕಿಗಳನ್ನು ಹಿಂಡಿದ ಮೇಲೆ ಉಳಿದ ಮಾಹಿತಿಯ ಲೆಕ್ಕ ಅದು. ಈಗ `=T.INV.2T(0.05,7)` ಕೇಳಿದರೆ 2.365 ಸಿಗುತ್ತದೆ. 56.55ನ್ನು ಅದರಿಂದ ಗುಣಿಸಿದರೆ ಸುಮಾರು 134. ಆದ್ದರಿಂದ ಒಂದು ವರ್ಷದ ಹಳತನದ ಕಡಿತ 170ರಿಂದ 437 ರೂಪಾಯಿಯೊಳಗೆ ಎಲ್ಲಾದರೂ ಇರಬಹುದು ಎಂದು ಶೇ. 95ರ ಭರವಸೆಯಲ್ಲಿ ಹೇಳಬಹುದು. ಇಳಿಕೆ ಇದೆ ಎಂಬುದು ಗಟ್ಟಿ, ಎಷ್ಟು ಎಂಬುದು ಸಡಿಲ. 303.61 ಎಂದು ದಶಾಂಶಸಹಿತ ಉದ್ಧರಿಸುವವರು ಈ ಅಗಲವನ್ನು ಮರೆಯಬಾರದು.

ದೋಷ ಇಷ್ಟು ದೊಡ್ಡದಾಗಲು ಮನೆಗಳ ಸಂಖ್ಯೆ ಕಡಿಮೆ ಎಂಬುದು ಒಂದು ಕಾರಣ. ವಿಸ್ತೀರ್ಣ ಮತ್ತು ವಯಸ್ಸು ಒಟ್ಟೊಟ್ಟಿಗೆ ಏರುತ್ತವೆ ಎಂಬುದು ಇನ್ನೊಂದು. ಅವೆರಡರ ಸಹಸಂಬಂಧ 0.83ಕ್ಕೂ ಹೆಚ್ಚು, `CORREL` ಬಳಸಿ ನೋಡಬಹುದು. ಜೊತೆಯಾಗಿ ಓಡಾಡುವ ಇಬ್ಬರ ಪಾಲನ್ನು ಬೇರ್ಪಡಿಸಲು ಅವರು ಅಗಲಿದ ಸಂದರ್ಭಗಳು ಬೇಕು. ನಮ್ಮ ಪಟ್ಟಿಯಲ್ಲಿ 7 ಮತ್ತು 8ನೇ ಮನೆಗಳು ಅಂಥವು. ವಿಸ್ತೀರ್ಣದಲ್ಲಿ 50 ಚದರ ಅಡಿಯಷ್ಟೇ ವ್ಯತ್ಯಾಸ, ವಯಸ್ಸಿನಲ್ಲಿ ಒಂಬತ್ತು ವರ್ಷ, ಬಾಡಿಗೆಯಲ್ಲಿ 4,500 ರೂಪಾಯಿ. ವಯಸ್ಸಿನ ಗುಣಾಂಕ ನಿಂತಿರುವುದು ಇಂಥ ಜೋಡಿಗಳ ಮೇಲೆಯೇ.

ಇವೆರಡೂ ಒಂದಕ್ಕೊಂದು ಪೂರ್ತಿ ಅಂಟಿಕೊಂಡಿದ್ದರೆ ಏನಾಗುತ್ತದೆ? ವಯಸ್ಸಿನ ಜೊತೆಗೆ ಕಟ್ಟಿದ ಇಸವಿಯನ್ನೂ ಒಂದು ಕಾಲಂ ಮಾಡಿ ಸೇರಿಸಿ ನೋಡಿ. ಒಂದು ಗೊತ್ತಿದ್ದರೆ ಇನ್ನೊಂದು ಗೊತ್ತಾದಂತೆಯೇ, ಹೊಸ ಮಾಹಿತಿ ಏನೂ ಇಲ್ಲ. ಎಕ್ಸೆಲ್ ದೋಷಸಂದೇಶ ಕೊಡದೆ, ಅವೆರಡರಲ್ಲಿ ಒಂದರ ಗುಣಾಂಕವನ್ನೂ ಅದರ ಪ್ರಮಾಣಿತ ದೋಷವನ್ನೂ ಸೊನ್ನೆ ಮಾಡಿಬಿಡುತ್ತದೆ. ಹೀಗೆ ಎರಡು ಸೊನ್ನೆಗಳು ಒಂದರ ಕೆಳಗೊಂದು ಕಂಡರೆ ಆ ಸಂಗತಿ ಬಾಡಿಗೆಗೆ ಸಂಬಂಧವೇ ಇಲ್ಲ ಎಂದುಕೊಳ್ಳಬೇಡಿ. ಅದೇ ಮಾಹಿತಿಯನ್ನು ಎರಡು ಸಲ ಕೊಟ್ಟಿದ್ದೀರಿ ಎಂದು ಅರ್ಥ.

ಊಹೆ ಎಲ್ಲಿಯವರೆಗೆ ನಂಬಬಹುದು?

ಈಗ 1000 ಚದರ ಅಡಿಯ, ಹತ್ತು ವರ್ಷದ ಮನೆಯೊಂದು ಖಾಲಿ ಇದೆ. 5,948 ಕೂಡಿಸು 20,100 ಕಳೆ 3,036: ಸುಮಾರು 23,012 ರೂಪಾಯಿ. ಮೂರನೆಯ ಸಾಲಿನ 0.957 ಆರ್-ಸ್ಕ್ವೇರ್, ಈ ಹತ್ತು ಬಾಡಿಗೆಗಳ ಏರುಪೇರಿನಲ್ಲಿ ಶೇ. 96ರಷ್ಟನ್ನು ಇವೆರಡು ಸಂಗತಿಗಳೇ ವಿವರಿಸುತ್ತವೆ ಎಂದು ಅದು ಹೇಳುತ್ತದೆ. ಅಚ್ಚುಕಟ್ಟಾಗಿ ಮಾಡಿಕೊಂಡ ಪಟ್ಟಿಯಾದ್ದರಿಂದ ಇಷ್ಟು ಬಂದಿದೆ. ಬೀದಿ, ಮಹಡಿ, ನೀರು, ಪಾರ್ಕಿಂಗ್ ಎಲ್ಲವೂ ಬಾಡಿಗೆಯನ್ನು ಏರಿಳಿಸುವ ನಿಜವಾದ ಪಟ್ಟಿಯಲ್ಲಿ ಇದು ಕಡಿಮೆಯೇ ಇರುತ್ತದೆ. ಬಾಡಿಗೆ ಕುದುರಿಸುವವರಿಗೆ ಹೆಚ್ಚು ಉಪಯೋಗದ ಅಂಕಿ ಅದರ ಪಕ್ಕದ 728.78. ತಗಡಿನಿಂದ ಗಳಗಳ ತುದಿ ಸಾಮಾನ್ಯವಾಗಿ ಎಷ್ಟು ರೂಪಾಯಿ ದೂರ ಎಂಬುದರ ಅಳತೆ ಅದು. ಗುಣಾಂಕಗಳ ಅನುಮಾನವನ್ನೂ ಸೇರಿಸಿದರೆ ನಮ್ಮ ಖಾಲಿ ಮನೆಯ ಬಾಡಿಗೆ 23,012ರ ಆಚೀಚೆ ಸುಮಾರು 1,900 ರೂಪಾಯಿವರೆಗೆ ಹೋಗಬಹುದು. ಮಾಲೀಕರು 24,500 ಕೇಳಿದರೆ ಇದೇ ಲೆಕ್ಕ ಹಿಡಿದು ‘ದುಬಾರಿ’ ಎಂದು ವಾದಿಸಲಾಗದು. 27,000 ಕೇಳಿದರೆ ವಾದಿಸಬಹುದು.

ಅಳತೆಯಲ್ಲೇ ಇರುವ ಒಂದು ಬಲೆಯನ್ನೂ ಇಲ್ಲಿ ಹೇಳಬೇಕು. ಬಾಡಿಗೆ ಜಾಹೀರಾತುಗಳಲ್ಲಿ ಕೆಲವರು ಕಾರ್ಪೆಟ್ ಏರಿಯಾ ಬರೆಯುತ್ತಾರೆ, ಅಂದರೆ ಗೋಡೆಗಳ ಒಳಗಿನ ಬಳಸುವ ಜಾಗ. ಇನ್ನು ಕೆಲವರು ಲಿಫ್ಟು, ಮೆಟ್ಟಿಲು, ಕಾರಿಡಾರುಗಳ ಪಾಲನ್ನೂ ಸೇರಿಸಿದ ಸೂಪರ್ ಬಿಲ್ಟ್‌ಅಪ್ ಏರಿಯಾ ಬರೆಯುತ್ತಾರೆ. 2016ರ ರೇರಾ ಕಾಯ್ದೆ ಕಾರ್ಪೆಟ್ ಏರಿಯಾ ಎಂದರೇನು ಎಂದು ಸ್ಪಷ್ಟಪಡಿಸಿದೆಯಾದರೂ, ಅದು ಬಿಲ್ಡರುಗಳ ಮಾರಾಟಕ್ಕೆ ಸಂಬಂಧಿಸಿದ್ದು. ಹೊಸ ಅಪಾರ್ಟ್‌ಮೆಂಟುಗಳಲ್ಲಿ ಈ ಹಂಚಿಕೆಯ ಜಾಗ ಹೆಚ್ಚು, ಹಳೆಯ ಮೂರಂತಸ್ತಿನ ಕಟ್ಟಡಗಳಲ್ಲಿ ಕಡಿಮೆ. ಹೀಗಾಗಿ ಸೂಪರ್ ಬಿಲ್ಟ್‌ಅಪ್ ಲೆಕ್ಕದಲ್ಲಿ ‘ಒಂದೇ ವಿಸ್ತೀರ್ಣ’ ಎಂದು ಕಾಣುವ ಎರಡು ಮನೆಗಳಲ್ಲಿ ಹಳೆಯದರ ಒಳಗೆ ಹೆಚ್ಚು ಜಾಗ ಇರುತ್ತದೆ. ಆ ಜಾಗದ ಬೆಲೆ ವಯಸ್ಸಿನ ಕಡಿತವನ್ನು ಭಾಗಶಃ ಮುಚ್ಚಿಹಾಕಿ ಗುಣಾಂಕವನ್ನು ಸೊನ್ನೆಯ ಕಡೆಗೆ ಎಳೆಯುತ್ತದೆ. ಅಂಕಿ ತುಂಬುವ ಮೊದಲು ಎಲ್ಲ ಮನೆಗಳಿಗೂ ಒಂದೇ ಅಳತೆ ಹಿಡಿಯುವುದು ಯಾವ ಫಾರ್ಮುಲಾಕ್ಕಿಂತ ದೊಡ್ಡ ಕೆಲಸ.

ಕೊನೆಯದಾಗಿ, ಯಾರೋ 1300 ಚದರ ಅಡಿಯ, ಎರಡೇ ವರ್ಷದ ಮನೆಗೆ ಬಾಡಿಗೆ ಎಷ್ಟಾಗಬಹುದು ಎಂದು ಕೇಳುತ್ತಾರೆ. ಲೆಕ್ಕ ಸಲೀಸಾಗಿ 31,471 ಎನ್ನುತ್ತದೆ. 1300 ಚದರ ಅಡಿ ನಮ್ಮ ಪಟ್ಟಿಯ ವ್ಯಾಪ್ತಿಯಲ್ಲೇ ಇದೆ, ಎರಡು ವರ್ಷವೂ ಇದೆ, ಆದ್ದರಿಂದ ತೊಂದರೆ ಇಲ್ಲ ಎನಿಸುತ್ತದೆ. ಆದರೆ ದೊಡ್ಡದೂ ಹೊಸದೂ ಆದ ಮನೆ ಪಟ್ಟಿಯಲ್ಲಿ ಒಂದೂ ಇಲ್ಲ. ಚಪ್ಪರದ ಆ ಮೂಲೆಯಲ್ಲಿ ಗಳವೇ ನೆಟ್ಟಿಲ್ಲ. ತಗಡು ಅಲ್ಲಿಗೆ ಚಾಚಿದೆ ಅಷ್ಟೆ. ಬಾಡಿಗೆ ಅಲ್ಲಿ 31 ಸಾವಿರವೋ, ಈಜುಕೊಳ, ಕಾವಲುಗಾರರೆಲ್ಲ ಇರುವ ಬೇರೆಯದೇ ಮಾರುಕಟ್ಟೆ ಶುರುವಾಗಿ 45 ಸಾವಿರವೋ ಎಂದು ಈ ಹತ್ತು ಮನೆಗಳು ಹೇಳಲಾರವು. LINEST ಇದನ್ನು ಎಚ್ಚರಿಸುವುದಿಲ್ಲ. ಊಹೆ ಕೇಳುವ ಮೊದಲು ವಿಸ್ತೀರ್ಣ ಮತ್ತು ವಯಸ್ಸನ್ನು ಒಂದು ಸ್ಕ್ಯಾಟರ್ ಚಾರ್ಟ್‌ನಲ್ಲಿ ಚುಕ್ಕೆ ಇಟ್ಟು, ನಿಮ್ಮ ಮನೆಯ ಚುಕ್ಕೆ ಉಳಿದವುಗಳ ಗುಂಪಿನೊಳಗೆ ಬೀಳುತ್ತದೆಯೇ ನೋಡಿ. ಹೊರಗೆ ಬಿದ್ದರೆ, ಅಂಥದ್ದೇ ಮೂರ್ನಾಲ್ಕು ಮನೆಗಳ ಬಾಡಿಗೆ ವಿಚಾರಿಸಿ ಪಟ್ಟಿಗೆ ಸೇರಿಸಿ, ಆಮೇಲೆ ಲೆಕ್ಕವನ್ನು ಮತ್ತೆ ಓಡಿಸಿ.